ಉತ್ತರ ತಪ್ಪು ಅಂತ ಗೊತ್ತಾಯ್ತು, ಆದ್ರೆ ಎಲ್ಲಿ ತಪ್ಪಿದ್ದು? – ಮ್ಯಾಟ್ರಿಕ್ಸ್ ಗುಣಾಕಾರದ ವರ್ಕ್‌ಶೀಟ್ ನೋಡುವ ಬಗೆ

ಈ ಸಲದ ವಿಡಿಯೋದಲ್ಲಿ ಬೋರ್ಡ್ ಮೇಲೆ ಲೆಕ್ಕ ತುಂಬಾ ಇತ್ತು. ಹಾಗಾಗಿ ಹೇಳಿದ್ದನ್ನೆಲ್ಲ ಇಲ್ಲಿ ಬರಹದಲ್ಲಿ ಕೊಡ್ತಾ ಇದ್ದೀನಿ. ಪೆನ್ನು, ಹಾಳೆ ಪಕ್ಕದಲ್ಲಿಟ್ಟುಕೊಂಡು ಓದಿದರೆ ಒಳ್ಳೆಯದು.

ಪುಣೆಯಲ್ಲಿ ನಮ್ಮ ಸೊಸೈಟಿಯ ಒಬ್ಬ ಹುಡುಗಿ ಈಗ 12ನೇ ತರಗತಿ. ಎನ್‌ಸಿಇಆರ್‌ಟಿ ಗಣಿತ ಪುಸ್ತಕದ 3ನೇ ಪಾಠ ಮ್ಯಾಟ್ರಿಕ್ಸ್. ಕನ್ನಡದಲ್ಲಿ ಮಾತೃಕೆ ಅಂತಾರೆ. ಅವಳು ಐದು ಲೆಕ್ಕದ ಒಂದು ವರ್ಕ್‌ಶೀಟ್ ಮಾಡಿದ್ದಳು. ಅವಳ ಅಪ್ಪ ನಮ್ಮ ಹಾಗೇ ಐಟಿ ಕೆಲಸದವರು. ಐದನ್ನೂ ಲ್ಯಾಪ್‌ಟಾಪ್‌ನಲ್ಲಿ ಹಾಕಿ, ಬಂದ ಉತ್ತರದ ಜೊತೆ ಹೋಲಿಸಿ, "ಐದಕ್ಕೆ ಒಂದು ಸರಿ ಕಣಮ್ಮ" ಅಂದರು. ಹುಡುಗಿ ಈ ಪಾಠವನ್ನೇ ಬಿಟ್ಟುಬಿಡ್ತೀನಿ ಅಂತ ಕೂತಳು.

ಲ್ಯಾಪ್‌ಟಾಪ್ ಹೇಳಿದ್ದು ಸುಳ್ಳಲ್ಲ. ಆದರೆ ಐದಕ್ಕೆ ಒಂದು ಅನ್ನೋ ಅಂಕದಿಂದ ಮುಂದೆ ಏನು ಮಾಡಬೇಕು ಅನ್ನೋದು ತಿಳಿಯೋದಿಲ್ಲ. ಅದೇ ವರ್ಕ್‌ಶೀಟನ್ನು ಇವತ್ತು ನಾವು ಬೇರೆ ಥರ ನೋಡೋಣ. ಪ್ರತಿ ಲೆಕ್ಕಕ್ಕೂ ಮೂರು ಪ್ರಶ್ನೆ, ಇದೇ ಕ್ರಮದಲ್ಲಿ: ಗುಣಿಸೋಕೆ ಬರುತ್ತಾ? ಬಂದರೆ ಉತ್ತರದ ಆಕಾರ ಏನು? ಆಮೇಲೆ, ಆ ಆಕಾರದ ಒಳಗೆ ಯಾವ ಅಂಕಿ ಕೈಕೊಟ್ಟಿದೆ? ಕೊನೆಗೆ ನಿಮಗೇ ಕಾಣುತ್ತೆ, ಇವಳು ಮಾಡಿದ ತಪ್ಪುಗಳು ನಾಲ್ಕಲ್ಲ. ಇನ್ನೂ ಒಂದು ವಿಚಿತ್ರ ಇದೆ: ಸರಿ ಅಂತ ಗುರುತು ಬಿದ್ದ ಆ ಒಂದು ಲೆಕ್ಕವೇ ಎಲ್ಲಕ್ಕಿಂತ ಅನುಮಾನದ್ದು.

## ಮೊದಲು ಆಕಾರ, ಆಮೇಲೆ ಅಂಕಿ

ಆಕಾರ ಯಾಕೆ ಹೊಂದಬೇಕು ಅನ್ನೋದನ್ನ ನಿಯಮದ ಥರ ಬಾಯಿಪಾಠ ಮಾಡಿದರೆ ಪರೀಕ್ಷೆ ದಿನ ಮರೆತುಹೋಗುತ್ತೆ. ಅದರ ಬದಲು ಮನೆ ಸಾಮಾನಿನ ಚೀಟಿ ನೆನೆಸಿಕೊಳ್ಳಿ.

ಎರಡು ಮನೆ ಇವೆ. ಮೊದಲನೇ ಮನೆಗೆ ಜೋಳದ ಹಿಟ್ಟು 5 ಕೆಜಿ, ತೊಗರಿಬೇಳೆ 2 ಕೆಜಿ, ಬೆಲ್ಲ 1 ಕೆಜಿ ಬೇಕು. ಎರಡನೇ ಮನೆಗೆ ಅದೇ ಕ್ರಮದಲ್ಲಿ 3, 1, 2. ಇದು ಎರಡು ಅಡ್ಡಸಾಲು, ಮೂರು ಕಂಬಸಾಲು ಇರುವ ಪಟ್ಟಿ, ಅಂದರೆ 2×3. ಇನ್ನೊಂದು ಹಾಳೆಯಲ್ಲಿ ಎರಡು ಅಂಗಡಿಯ ದರ ಇದೆ. ಗಲ್ಲಿಯ ಅಂಗಡಿಯಲ್ಲಿ ಕೆಜಿಗೆ 60, 150, 70 ರೂಪಾಯಿ. ಸೂಪರ್‌ಮಾರ್ಕೆಟ್‌ನಲ್ಲಿ 55, 160, 80. ಇದನ್ನು ಸಾಮಾನಿಗೊಂದು ಅಡ್ಡಸಾಲು, ಅಂಗಡಿಗೊಂದು ಕಂಬಸಾಲು ಅಂತ ಬರೆದರೆ 3×2.

```
[5 2 1]   [ 60  55]   [670 675]
[3 1 2] × [150 160] = [470 485]
          [ 70  80]
```

ಮೊದಲನೇ ಮನೆಯವರು ಗಲ್ಲಿಯ ಅಂಗಡಿಗೆ ಹೋದರೆ ಬಿಲ್ಲು ಎಷ್ಟು? 5×60 + 2×150 + 1×70. ಅಂದರೆ 300 + 300 + 70, ಒಟ್ಟು 670. ನಾವು ಮಾಡಿದ್ದು ಇಷ್ಟೇ: ಎಡಗಡೆಯ ಒಂದು ಅಡ್ಡಸಾಲು ಹಿಡಿದು, ಬಲಗಡೆಯ ಒಂದು ಕಂಬಸಾಲಿನ ಮೇಲೆ ಇಳಿದು, ಜೋಡಿ ಜೋಡಿಯಾಗಿ ಗುಣಿಸಿ ಕೂಡಿದ್ವಿ. ಅಡ್ಡಸಾಲಿನಲ್ಲಿ ಮೂರು ಸಾಮಾನು ಇದ್ದರೆ ಕಂಬಸಾಲಿನಲ್ಲೂ ಅವೇ ಮೂರು ಸಾಮಾನಿನ ದರ ಇರಬೇಕು. ಇಲ್ಲದಿದ್ದರೆ ಯಾವುದೋ ಸಾಮಾನಿಗೆ ದರವೇ ಸಿಗೋದಿಲ್ಲ. "ಒಳಗಿನ ಎರಡು ಅಂಕಿ ಒಂದೇ ಇರಬೇಕು" ಅನ್ನೋ ನಿಯಮದ ಅರ್ಥ ಇದೇ.

2×3 ಮತ್ತು 3×2 ಅಂತ ಪಕ್ಕ ಪಕ್ಕ ಬರೆದಾಗ ಒಳಗಿನ 3 ಮತ್ತು 3 ಸಾಮಾನುಗಳು. ಬಿಲ್ಲು ಮಾಡುವಾಗ ಅವು ಕೂಡಿ ಕರಗಿಹೋಗ್ತವೆ. ಉಳಿಯೋದು ಹೊರಗಿನ 2 ಮತ್ತು 2, ಅಂದರೆ ಎಷ್ಟು ಮನೆ ಮತ್ತು ಎಷ್ಟು ಅಂಗಡಿ. ಉತ್ತರದ ಪ್ರತಿ ಸ್ಥಾನವೂ ಒಂದು ಬಿಲ್ಲು.

ಇಲ್ಲೊಂದು ಎಚ್ಚರಿಕೆ. ಒಳಗಿನ ಅಂಕಿ ಹೊಂದಿದರೆ ಗುಣಿಸೋಕೆ ಬರುತ್ತೆ ಅಷ್ಟೇ, ಅದಕ್ಕೆ ಅರ್ಥ ಇದೆ ಅಂತ ಆಗೋದಿಲ್ಲ. ಇದೇ ದರದ ಹಾಳೆಯನ್ನು ಎಡಗಡೆ ಇಟ್ಟು, ಮನೆ ಪಟ್ಟಿಯನ್ನು ಬಲಗಡೆ ಇಟ್ಟರೆ 3×2 ಮತ್ತು 2×3. ಒಳಗೆ 2 ಮತ್ತು 2, ಹೊಂದಿತು. 3×3 ಉತ್ತರವೂ ಬರುತ್ತೆ. ಆದರೆ ಒಳಗಿನ ಒಂದು 2 ಅಂಗಡಿಗಳು, ಇನ್ನೊಂದು 2 ಮನೆಗಳು. ಗಲ್ಲಿಯ ಅಂಗಡಿಯ ಜೋಳದ ದರವನ್ನು ಮೊದಲನೇ ಮನೆಯ ಬೇಳೆಯ ತೂಕಕ್ಕೆ ಗುಣಿಸಿದರೆ ಬಿಲ್ಲು ಆಗಲ್ಲ. ಪಾಠದ ಲೆಕ್ಕದಲ್ಲಿ ಬರೀ ಅಂಕಿ ಇರೋದರಿಂದ ಈ ಪ್ರಶ್ನೆ ಬರಲ್ಲ. ಆದರೆ ಕೆಲಸದಲ್ಲಿ ಡೇಟಾ ಜೊತೆ ಒದ್ದಾಡೋರು ಆಕಾರದ ಪಕ್ಕದಲ್ಲಿ ಹೆಸರನ್ನೂ ಬರೆದುಕೊಳ್ಳೋದು ಕ್ಷೇಮ: "ಮನೆ × ಸಾಮಾನು", "ಸಾಮಾನು × ಅಂಗಡಿ" ಅಂತ.

## ಗುಣಿಸಲು ಬಾರದ ಲೆಕ್ಕ

ಈಗ ವರ್ಕ್‌ಶೀಟಿಗೆ ಬರೋಣ. ಆಕಾರ ನೋಡಿದರೇ ಮುಗಿಯುವ ಎರಡು ಲೆಕ್ಕ ಮೊದಲು ತಗೊಳ್ಳೋಣ. ವರ್ಕ್‌ಶೀಟಿನಲ್ಲಿ ಅವು 3ನೇದು ಮತ್ತು 4ನೇದು.

3ನೇ ಲೆಕ್ಕ ಹೀಗಿತ್ತು. ಕೆಳಗಿನದು ಅವಳು ಬರೆದ ಉತ್ತರ.

```
C = [1 0 2]   D = [2 5 1]
    [3 1 4]       [0 1 3]

[2 0  2]
[0 1 12]
```

2×3 ಮತ್ತು 2×3. ಒಳಗಿನ ಅಂಕಿ 3 ಮತ್ತು 2. ಹೊಂದಲಿಲ್ಲ, ಮುಗೀತು. "CD ಗುಣಲಬ್ಧ ಇಲ್ಲ" ಅಂತ ಒಂದು ಸಾಲು, ಅದಕ್ಕೆ ಕಾರಣ ಒಂದು ಸಾಲು ಬರೆದರೆ ಅದೇ ಪೂರ್ತಿ ಉತ್ತರ. ಅವಳು ಬರೆದದ್ದು ಎಲ್ಲಿಂದ ಬಂತು ಅಂತ ನೋಡಿ. 1×2 = 2, 0×5 = 0, 2×1 = 2. ಕೆಳಗೆ 3×0 = 0, 1×1 = 1, 4×3 = 12. ಒಂದೇ ಜಾಗದಲ್ಲಿರುವ ಅಂಕಿಗಳನ್ನು ಅಲ್ಲಲ್ಲೇ ಗುಣಿಸಿದ್ದಾಳೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

4ನೇ ಲೆಕ್ಕದಲ್ಲಿ ಎಡಗಡೆ ಒಂದು ಕಂಬ, ಬಲಗಡೆ ಒಂದು ಸಾಲು.

```
[1]             [ 4  5  6]
[2] × [4 5 6] = [ 8 10 12]
[3]             [12 15 18]
```

ಮೇಲಿನದು ಸರಿ ಉತ್ತರ. ಅವಳು ಬರೆದದ್ದು ಬರೀ 32. ಇಲ್ಲಿ ಒಂದು ಅಂಕಿಯನ್ನೂ ಪರೀಕ್ಷೆ ಮಾಡಬೇಕಾಗಿಲ್ಲ. 3×1 ಮತ್ತು 1×3, ಒಳಗೆ 1 ಮತ್ತು 1, ಗುಣಿಸೋಕೆ ಬರುತ್ತೆ. ಹೊರಗೆ 3 ಮತ್ತು 3. ಉತ್ತರದಲ್ಲಿ ಒಂಬತ್ತು ಅಂಕಿ ಇರಬೇಕು, ಒಂದೇ ಇದೆ. ಹಾಗಿದ್ದರೆ 32 ಎಲ್ಲಿಂದ ಬಂತು? 4×1 + 5×2 + 6×3 = 4 + 10 + 18 = 32. ಸಾಲನ್ನು ಎಡಕ್ಕೂ ಕಂಬವನ್ನು ಬಲಕ್ಕೂ ಮನಸ್ಸಲ್ಲೇ ಅದಲುಬದಲು ಮಾಡಿಕೊಂಡಿದ್ದಾಳೆ. "ಅಡ್ಡಸಾಲು ಇಂಟು ಕಂಬಸಾಲು" ಅನ್ನೋ ಮಾತು ಕಿವಿಯಲ್ಲಿ ಕೂತಿದೆ. ಹಾಗಾಗಿ ಸಾಲು ಎಲ್ಲಿದ್ದರೂ ಅದನ್ನೇ ಮೊದಲು ಎತ್ತಿಕೊಂಡಿದ್ದಾಳೆ. ಕೂಡಿದ್ದು, ಗುಣಿಸಿದ್ದು ಎರಡೂ ಸರಿ ಇವೆ. ಅವಳು ಬಿಡಿಸಿದ್ದು ಬೇರೆ ಲೆಕ್ಕ.

ಇದಕ್ಕೆ ಮದ್ದು ಸರಳ. ಲೆಕ್ಕ ಶುರು ಮಾಡುವ ಮೊದಲು ಉತ್ತರದ ಖಾಲಿ ಚೌಕಟ್ಟು ಬರೆಯೋದು. ಮೂರು ಸಾಲು, ಮೂರು ಕಂಬ, ಒಂಬತ್ತು ಚುಕ್ಕಿ. ಆಮೇಲೆ ಒಂದೊಂದೇ ಚುಕ್ಕಿ ತುಂಬಬೇಕು. ಚೌಕಟ್ಟು ಕಣ್ಣೆದುರು ಇದ್ದರೆ 32 ಅಂತ ಬರೆದು ಕೈ ಬಿಡೋಕೆ ಆಗಲ್ಲ.

## ಒಂದೇ ಒಂದು ಅಂಕಿ ತಪ್ಪಿದಾಗ

2ನೇ ಲೆಕ್ಕದಲ್ಲಿ ಆಕಾರದ ತೊಂದರೆ ಇರಲಿಲ್ಲ.

```
A = [1 2  3]   B = [2  1]
    [4 0 -1]       [0 -3]
                   [5  4]
```

2×3 ಮತ್ತು 3×2, ಹೊಂದುತ್ತೆ, ಉತ್ತರ 2×2. ಅವಳ ಉತ್ತರವೂ 2×2 ಆಗಿತ್ತು: ಮೇಲೆ 17, 19, ಕೆಳಗೆ 3, 0. ಸರಿ ಉತ್ತರ ಕೈಯಲ್ಲಿ ಇಲ್ಲ ಅಂದುಕೊಳ್ಳಿ. ನಾಲ್ಕೂ ಸ್ಥಾನವನ್ನು ಮತ್ತೆ ಮಾಡೋದು ಒಂದು ದಾರಿ. ಆದರೆ ಮಾಡಿದ್ದನ್ನೇ ಮತ್ತೆ ಮಾಡಿದರೆ, ಕಣ್ಣು ಜಾರಿದ ಜಾಗದಲ್ಲೇ ಮತ್ತೆ ಜಾರುತ್ತೆ. ಅದಕ್ಕೇ ಬೇರೆ ದಾರಿಯಿಂದ ಬರಬೇಕು.

ಆ ದಾರಿ ಮೊತ್ತದ್ದು. ಸಾಮಾನಿನ ಚೀಟಿಯಲ್ಲೇ ಯೋಚನೆ ಮಾಡಿ. ಒಂದು ಮನೆಯವರು ಎರಡೂ ಅಂಗಡಿಯಲ್ಲಿ ಪೂರ್ತಿ ಚೀಟಿ ಕೊಂಡರೆ ಆಗುವ ಖರ್ಚು, ಎರಡು ಅಂಗಡಿಯ ದರವನ್ನು ಮೊದಲೇ ಕೂಡಿಸಿ ಒಂದೇ ಸಲ ಗುಣಿಸಿದರೆ ಬರುವ ಖರ್ಚಿಗೆ ಸಮ ಇರಲೇಬೇಕು. ಅಂದರೆ B ಯ ಪ್ರತಿ ಅಡ್ಡಸಾಲನ್ನು ಕೂಡಿ, ಆ ಒಂದು ಕಂಬವನ್ನು A ಜೊತೆ ಗುಣಿಸಿದರೆ ಉತ್ತರದ ಅಡ್ಡಸಾಲುಗಳ ಮೊತ್ತ ಸಿಗುತ್ತೆ.

B ಯ ಅಡ್ಡಸಾಲುಗಳ ಮೊತ್ತ 3, -3, 9. ಇದಕ್ಕೆ A ಯ ಮೊದಲ ಸಾಲು ಹಚ್ಚಿದರೆ 1×3 + 2×(-3) + 3×9 = 3 - 6 + 27 = 24. ಎರಡನೇ ಸಾಲು ಹಚ್ಚಿದರೆ 4×3 + 0×(-3) + (-1)×9 = 12 - 9 = 3. ಅಂದರೆ ಉತ್ತರದ ಮೊದಲ ಸಾಲಿನ ಮೊತ್ತ 24 ಇರಬೇಕು, ಎರಡನೆಯದು 3. ಅವಳ ಮೊದಲ ಸಾಲು 17 + 19 = 36. ಎರಡನೆಯದು 3 + 0 = 3. ತಪ್ಪು ಮೊದಲ ಸಾಲಿನಲ್ಲಿದೆ.

ಈಗ ಕಂಬದ ಕಡೆಯಿಂದ. ಈ ಸಲ A ಯ ಕಂಬಸಾಲುಗಳನ್ನು ಕೂಡಿ: 5, 2, 2. ಇದನ್ನು B ಯ ಮೊದಲ ಕಂಬಕ್ಕೆ ಹಚ್ಚಿ: 5×2 + 2×0 + 2×5 = 20. ಎರಡನೇ ಕಂಬಕ್ಕೆ: 5×1 + 2×(-3) + 2×4 = 5 - 6 + 8 = 7. ಅವಳ ಕಂಬಗಳ ಮೊತ್ತ 20 ಮತ್ತು 19. ಮೊದಲನೆಯದು ಸರಿ, ಎರಡನೆಯದು ತಪ್ಪು.

ಸಾಲು ಮೊದಲನೆಯದು, ಕಂಬ ಎರಡನೆಯದು. ಎರಡೂ ಸೇರುವ ಜಾಗದಲ್ಲಿ ಇರೋದು 19. ಅಲ್ಲಿಗೇ ಬೆರಳು ಹೋಯ್ತು. ಇನ್ನೂ ಒಂದು ಹೆಜ್ಜೆ ಇದೆ. ಎರಡು ಕಡೆಯಿಂದಲೂ ವ್ಯತ್ಯಾಸ 12: 36 ರಲ್ಲಿ 24 ಕಳೆದರೆ 12, 19 ರಲ್ಲಿ 7 ಕಳೆದರೂ 12. ಆ ಸ್ಥಾನದ ಮೂರು ತುಣುಕು ಬಿಡಿಸಿ ಬರೆಯಿರಿ: 1×1 = 1, 2×(-3) = -6, 3×4 = 12. ಮೈನಸ್ ಆರನ್ನು ಪ್ಲಸ್ ಆರು ಅಂತ ತಗೊಂಡರೆ ಎಷ್ಟು ಹೆಚ್ಚಾಗುತ್ತೆ? ಆರರ ಎರಡರಷ್ಟು, ಹನ್ನೆರಡು. ಹೌದು, 1 + 6 + 12 = 19. ಮೈನಸ್ ಬಿಟ್ಟುಹೋಗಿದೆ.

ಇದು ಹೆಚ್ಚಿನ ಸಲ ಕೆಲಸಕ್ಕೆ ಬರುವ ಗುರುತು. ವ್ಯತ್ಯಾಸವು ಯಾವುದೋ ಒಂದು ತುಣುಕಿನ ಸರಿಯಾಗಿ ಎರಡರಷ್ಟಿದ್ದರೆ ಮೊದಲು ಚಿಹ್ನೆಯನ್ನು ಅನುಮಾನಿಸಿ. ಒಂದು ತುಣುಕಿನಷ್ಟೇ ಇದ್ದರೆ ಆ ತುಣುಕನ್ನು ಕೂಡೋಕೆ ಮರೆತಿರಬಹುದು. ಇಲ್ಲಿ ನೋಡಿ, 12 ಅನ್ನೋದು ಮೂರನೇ ತುಣುಕೂ ಹೌದು. ಆದರೆ ಅದನ್ನು ಮರೆತಿದ್ದರೆ ಉತ್ತರ ಕಡಿಮೆ ಆಗಬೇಕಿತ್ತು, ಹೆಚ್ಚಾಗಿದೆ. ಹಾಗಾಗಿ ಅದಲ್ಲ. ಈ ಎರಡೂ ಅಲ್ಲದಿದ್ದರೆ ಮಗ್ಗಿಯಲ್ಲೋ ಕೂಡೋದರಲ್ಲೋ ತಪ್ಪಿರುತ್ತೆ.

ಮೊತ್ತದ ಪರೀಕ್ಷೆಗೂ ಒಂದು ಮಿತಿ ಇದೆ. ಯಾರಾದರೂ ಮೇಲೆ 18, 6, ಕೆಳಗೆ 2, 1 ಅಂತ ಬರೆದರೆ ಅಡ್ಡಸಾಲಿನ ಮೊತ್ತ 24 ಮತ್ತು 3, ಕಂಬದ ಮೊತ್ತ 20 ಮತ್ತು 7. ಎಲ್ಲ ಹೊಂದುತ್ತೆ, ಉತ್ತರ ಮಾತ್ರ ನಾಲ್ಕೂ ಕಡೆ ತಪ್ಪು. ಒಂದು ಕಡೆ ಹೆಚ್ಚಾದದ್ದನ್ನು ಇನ್ನೊಂದು ಕಡೆ ಕಡಿಮೆಯಾದದ್ದು ಮುಚ್ಚಿಹಾಕಿದೆ. ಕೈಲೆಕ್ಕದಲ್ಲಿ ಹೀಗೆ ಆಗೋದು ಅಪರೂಪ, ಆದರೂ ಅನುಮಾನ ಇದ್ದರೆ ಸುಮ್ಮನೆ ಕೂಡುವ ಬದಲು ಎರಡನೇ ಕಂಬವನ್ನು ದುಪ್ಪಟ್ಟು ಮಾಡಿ ಕೂಡಿ. B ಯಲ್ಲಿ ಹಾಗೆ ಮಾಡಿದರೆ 4, -6, 13 ಬರುತ್ತೆ. A ಯ ಮೊದಲ ಸಾಲು ಹಚ್ಚಿದರೆ 4 - 12 + 39 = 31. ಸರಿ ಉತ್ತರ 17 + 2×7 = 31. ಮುಚ್ಚಿಕೊಂಡಿದ್ದ ಉತ್ತರ 18 + 2×6 = 30. ಸಿಕ್ಕಿಬಿತ್ತು.

ಈ ಯೋಚನೆ ಬರೀ ಶಾಲೆಯದಲ್ಲ. ಲಾಟ್ವಿಯಾದ ಕಂಪ್ಯೂಟರ್ ವಿಜ್ಞಾನಿ ಫ್ರೈವಾಲ್ಡ್ಸ್ 1977ರಲ್ಲಿ ತೋರಿಸಿಕೊಟ್ಟ ವಿಧಾನವೂ ಇದೇ ಬುಡದ್ದು. ಅವರು ತೂಕಗಳನ್ನು 0 ಅಥವಾ 1 ಅಂತ ಮನಸ್ಸಿಗೆ ಬಂದ ಹಾಗೆ, ನಾಣ್ಯ ಚಿಮ್ಮಿದ ಹಾಗೆ, ಆರಿಸ್ತಾರೆ. ತಪ್ಪು ಉತ್ತರ ಒಂದು ಸಲ ತಪ್ಪಿಸಿಕೊಳ್ಳುವ ಸಂಭವ ಹೆಚ್ಚೆಂದರೆ ಅರ್ಧ. ಹತ್ತು ಸಲ ಹೊಸದಾಗಿ ಆರಿಸಿ ನೋಡಿದರೆ 1024ಕ್ಕೆ ಹೆಚ್ಚೆಂದರೆ ಒಂದು. ಮ್ಯಾಟ್ರಿಕ್ಸ್ ದೊಡ್ಡದಾದ ಹಾಗೆ ಇದರ ಲಾಭ ಕಾಣುತ್ತೆ. 10×10 ಲೆಕ್ಕವನ್ನು ಪುಸ್ತಕದ ರೀತಿಯಲ್ಲಿ ಪೂರ್ತಿ ಮಾಡೋಕೆ 1000 ಗುಣಾಕಾರ ಬೇಕು. ಅಡ್ಡಸಾಲಿನ ಮೊತ್ತ ನೋಡೋಕೆ 100 ಸಾಕು.

## ತಪ್ಪು ಉತ್ತರದ ಬಾಯಿಂದಲೇ ಕೇಳಬಹುದು

5ನೇ ಲೆಕ್ಕ ಈ ವರ್ಕ್‌ಶೀಟಿನ ನಡುಮನೆ ಇದ್ದ ಹಾಗೆ. ಎರಡೂ 2×2.

```
P = [2 1]   Q = [1 5]
    [3 4]       [6 2]

PQ = [ 8 12]
     [27 23]
```

ಚೌಕ ಮ್ಯಾಟ್ರಿಕ್ಸ್ ಬಂದಾಗ ಆಕಾರದ ಪರೀಕ್ಷೆ ನಮ್ಮ ಕೈ ಬಿಡುತ್ತೆ. ಯಾವ ಕ್ರಮದಲ್ಲಿ ಗುಣಿಸಿದರೂ ಹೊಂದುತ್ತೆ, ಏನೇ ತಪ್ಪು ಮಾಡಿದರೂ 2×2 ಉತ್ತರವೇ ಬರುತ್ತೆ. ಆದರೆ ಒಂದೊಂದು ತಪ್ಪು ದಾರಿಗೂ ಅದರದ್ದೇ ಉತ್ತರ ಇದೆ. ಅದಕ್ಕೇ ಮೊದಲೇ ಎಲ್ಲ ದಾರಿಯ ಉತ್ತರವನ್ನೂ ಮಾಡಿಟ್ಟುಕೊಂಡರೆ, ಬಂದ ಉತ್ತರ ನೋಡಿ ಯಾವ ದಾರಿಯಲ್ಲಿ ಹೋದರು ಅಂತ ಹೇಳಬಹುದು.

ಮೇಲೆ 17, 21, ಕೆಳಗೆ 18, 14 ಬಂದಿದ್ದರೆ QP ಮಾಡಿದ್ದಾರೆ, ಕ್ರಮ ತಿರುಗಿದೆ. ಮೇಲೆ 7, 14, ಕೆಳಗೆ 23, 26 ಬಂದಿದ್ದರೆ Q ದಲ್ಲಿ ಕಂಬ ಇಳಿಯುವ ಬದಲು ಅದರ ಅಡ್ಡಸಾಲನ್ನೇ ಹಿಡಿದಿದ್ದಾರೆ: 2×1 + 1×5 = 7. ಮೇಲೆ 20, 16, ಕೆಳಗೆ 25, 13 ಬಂದಿದ್ದರೆ ಎರಡು ಕಡೆಯೂ ಕಂಬಗಳನ್ನೇ ಹಿಡಿದಿದ್ದಾರೆ: 2×1 + 3×6 = 20. ಮೇಲೆ 8, 27, ಕೆಳಗೆ 12, 23 ಬಂದಿದ್ದರೆ ಲೆಕ್ಕವೆಲ್ಲ ಸರಿ, ಅಂಕಿ ಇಡುವ ಜಾಗ ಮಾತ್ರ ಅಡ್ಡಕ್ಕೆ ಉದ್ದ ಆಗಿದೆ.

ಅವಳು ಬರೆದದ್ದು ಮೇಲೆ 2, 5, ಕೆಳಗೆ 18, 8. ನೋಡಿ: 2×1, 1×5, 3×6, 4×2. ಮತ್ತೆ ಅಲ್ಲಲ್ಲೇ ಗುಣಿಸಿದ್ದಾಳೆ. 3ನೇ ಲೆಕ್ಕದಲ್ಲಿ ಮಾಡಿದ್ದೂ ಇದೇ. 2ನೇ ಲೆಕ್ಕದಲ್ಲಿ ಮಾತ್ರ ಸಾಲು-ಕಂಬದ ಲೆಕ್ಕ ಅಚ್ಚುಕಟ್ಟಾಗಿ ಮಾಡಿದ್ದಳು, ಒಂದು ಮೈನಸ್ ಬಿಟ್ಟರೆ. ಯಾಕೆ ಈ ವ್ಯತ್ಯಾಸ?

2ನೇ ಲೆಕ್ಕದಲ್ಲಿ ಆಕಾರ ಬೇರೆ ಬೇರೆ. ಅಲ್ಲಲ್ಲೇ ಗುಣಿಸೋಕೆ ಅವಕಾಶವೇ ಇರಲಿಲ್ಲ. 3 ಮತ್ತು 5ರಲ್ಲಿ ಎರಡು ಮ್ಯಾಟ್ರಿಕ್ಸೂ ಒಂದೇ ಆಕಾರ. ಹುಡುಗಿಯ ತಲೆಯಲ್ಲಿರೋದು ಇದು: ಆಕಾರ ಒಂದೇ ಇದ್ದರೆ ಜಾಗಕ್ಕೆ ಜಾಗ, ಬೇರೆ ಇದ್ದರೆ ಸಾಲಿಗೆ ಕಂಬ. ಇದು ಎಲ್ಲಿಂದ ಬಂತು ಅಂತ ಹುಡುಕೋದೂ ಕಷ್ಟ ಅಲ್ಲ. ಪಾಠದಲ್ಲಿ ಗುಣಾಕಾರಕ್ಕೆ ಮೊದಲು ಬರೋದು ಸಂಕಲನ. ಅಲ್ಲಿ ಆಕಾರ ಒಂದೇ ಇರಬೇಕು, ಜಾಗಕ್ಕೆ ಜಾಗ ಕೂಡಬೇಕು. ಆ ಅಭ್ಯಾಸವನ್ನೇ ಅವಳು ಇಲ್ಲಿಗೂ ತಂದಿದ್ದಾಳೆ.

ಐಟಿಯಲ್ಲಿರೋ ನಮಗೂ ಈ ಗುಂಡಿ ಬೇರೆ ರೂಪದಲ್ಲಿ ಇದೆ. ಪೈಥಾನ್‌ನ ನಂಪೈಯಲ್ಲಿ ಎರಡು ಥರದ ಗುಣಾಕಾರ ಇದೆ.

```python
import numpy as np
P = np.array([[2, 1], [3, 4]])
Q = np.array([[1, 5], [6, 2]])
print(P.shape, Q.shape)
print(P @ Q)   # [[ 8 12] [27 23]]
print(P * Q)   # [[ 2  5] [18  8]]
```

`@` ಅನ್ನೋದು ಮ್ಯಾಟ್ರಿಕ್ಸ್ ಗುಣಾಕಾರ. ಇದು 2015ರಲ್ಲಿ ಪೈಥಾನ್ 3.5 ಜೊತೆ ಬಂತು. `*` ಅನ್ನೋದು ಜಾಗಕ್ಕೆ ಜಾಗ. 2ನೇ ಲೆಕ್ಕದ A, B ಕೊಟ್ಟು `A * B` ಅಂದರೆ ಎರರ್ ಬರುತ್ತೆ, ಆಗ ಎಚ್ಚರ ಆಗ್ತೀವಿ. ಆದರೆ ಚೌಕ ಮ್ಯಾಟ್ರಿಕ್ಸ್‌ಗೆ `P * Q` ಅಂದರೆ ಎರರ್ ಇಲ್ಲದೆ ತಣ್ಣಗೆ 2, 5, 18, 8 ಕೊಡುತ್ತೆ. ಹುಡುಗಿಯ ಉತ್ತರವೇ! ಅಪ್ಪ ಅವಸರದಲ್ಲಿ ನಕ್ಷತ್ರ ಟೈಪ್ ಮಾಡಿದ್ದರೆ ಈ ಉತ್ತರಕ್ಕೂ ಸರಿ ಗುರುತು ಬೀಳ್ತಿತ್ತು. ಹಾಗಾಗಿ ಮಕ್ಕಳ ಲೆಕ್ಕ ನೋಡೋಕೆ ಕೋಡ್ ಬಳಸಿದರೆ ಬೇಕಾದ್ದು `@`, ಮತ್ತು ಮೊದಲು `shape`.

## ಸರಿ ಅಂತ ಗುರುತು ಬಿದ್ದ ಲೆಕ್ಕ

ಉಳಿದದ್ದು 1ನೇ ಲೆಕ್ಕ. ಅದೊಂದೇ ಸರಿ ಇತ್ತು.

```
[2 0]   [4 0]   [8  0]
[0 3] × [0 5] = [0 15]
```

ಸಾಲು-ಕಂಬ ಮಾಡಿ ನೋಡಿ: 2×4 + 0×0 = 8, 2×0 + 0×5 = 0, 0×4 + 3×0 = 0, 0×0 + 3×5 = 15. ಈಗ ಜಾಗಕ್ಕೆ ಜಾಗ ಗುಣಿಸಿ: 8, 0, 0, 15. ಎರಡೂ ಒಂದೇ! ಕರ್ಣದ ಮೇಲೆ ಮಾತ್ರ ಅಂಕಿ ಇದ್ದು ಉಳಿದ ಕಡೆ ಸೊನ್ನೆ ಇದ್ದರೆ ತಪ್ಪು ದಾರಿಯೂ ಸರಿ ಉತ್ತರಕ್ಕೇ ತಲುಪುತ್ತೆ. ಇಲ್ಲಿ ಆಕಾರ ಒಂದೇ ಇದೆ. ಹಾಗಾಗಿ ಅವಳು ಇದನ್ನೂ ಜಾಗಕ್ಕೆ ಜಾಗವೇ ಮಾಡಿರಬೇಕು ಅಂತ ಅನ್ನಿಸುತ್ತೆ. ಒರಟು ಲೆಕ್ಕದ ಹಾಳೆ ತೆಗೆಸಿ ನೋಡಿದಾಗ ಇದ್ದದ್ದು ಬರೀ 2×4 ಮತ್ತು 3×5.

ಹಾಗಾಗಿ ಕಥೆ ಇಷ್ಟು. "ಐದಕ್ಕೆ ಒಂದು" ಅಲ್ಲ. ಆಕಾರ ಒಂದೇ ಇದ್ದಾಗ ಜಾಗಕ್ಕೆ ಜಾಗ ಅನ್ನೋ ಒಂದು ತಪ್ಪು ನಂಬಿಕೆ ಮೂರು ಲೆಕ್ಕದಲ್ಲಿ ಕೆಲಸ ಮಾಡಿದೆ, ಅದರಲ್ಲಿ ಒಂದರಲ್ಲಿ ಸಿಕ್ಕಿಬೀಳದೆ ಪಾರಾಗಿದೆ. ಒಂದು ಕಡೆ ಎಡ-ಬಲ ತಿರುಗಿದೆ. ಒಂದು ಕಡೆ ಮೈನಸ್ ಜಾರಿದೆ. ಸಾಲು-ಕಂಬದ ಲೆಕ್ಕ ಅವಳಿಗೆ ಬರುತ್ತೆ, 2ನೇ ಲೆಕ್ಕವೇ ಸಾಕ್ಷಿ. ಅವಳಿಗೆ ಹೇಳಬೇಕಾದ್ದು ಎರಡೇ ಮಾತು: ಆಕಾರ ಒಂದೇ ಇದ್ದರೂ ಸಾಲಿಗೆ ಕಂಬವೇ, ಮತ್ತು ಶುರು ಮಾಡುವ ಮೊದಲು ಖಾಲಿ ಚೌಕಟ್ಟು. ಪಾಠ ಬಿಡುವಂಥದ್ದು ಇದರಲ್ಲಿ ಏನೂ ಇಲ್ಲ.

ಮನೆಯಲ್ಲಿ ನೀವೇ ಮಕ್ಕಳಿಗೆ ಲೆಕ್ಕ ಕೊಡುವಾಗ ಇದೇ ವಿಷಯ ಗಮನದಲ್ಲಿಡಿ. ಸುಲಭ ಆಗಲಿ ಅಂತ ಸೊನ್ನೆ ತುಂಬಿದರೆ ತಪ್ಪು ಅಡಗಿಕೊಳ್ಳುತ್ತೆ. ಇನ್ನೊಂದು ಅಡಗುತಾಣವೂ ಇದೆ. Q ದ ಜಾಗದಲ್ಲಿ ಮೇಲೆ 1, 5, ಕೆಳಗೆ 5, 2 ಅಂತ ಇದ್ದಿದ್ದರೆ ಅದರ ಸಾಲೂ ಕಂಬವೂ ಒಂದೇ. ಆಗ ಕಂಬದ ಬದಲು ಸಾಲು ಹಿಡಿದವರಿಗೂ ಸರಿ ಉತ್ತರ ಬರ್ತಿತ್ತು. ಅದಕ್ಕೇ ಪರೀಕ್ಷೆಗೆ ಇಡುವ ಚೌಕ ಮ್ಯಾಟ್ರಿಕ್ಸ್‌ನಲ್ಲಿ ಸೊನ್ನೆ ಬೇಡ, ಕರ್ಣದ ಆಚೆ-ಈಚೆ ಒಂದೇ ಅಂಕಿ ಬೇಡ. ಒಂದು ಮೈನಸ್ ಇರಲಿ. ಐದರಲ್ಲಿ ಒಂದಾದರೂ ಗುಣಿಸೋಕೆ ಬಾರದ ಲೆಕ್ಕ ಇರಲಿ.

ಈಗ ನಿಮ್ಮ ಸರದಿ. ಕೆಳಗೆ ಒಂದು ಲೆಕ್ಕ, ಅದಕ್ಕೆ ಯಾರೋ ಬರೆದ ಉತ್ತರ ಇದೆ. ಆಕಾರ ಸರಿ ಇದೆ, ಒಂದು ಅಂಕಿ ತಪ್ಪಿದೆ.

```
M = [3 -1]   N = [ 4 0 1]
    [2  5]       [-2 6 3]

[14 -6  0]
[18 30 17]
```

ಪೂರ್ತಿ ಗುಣಿಸಬೇಡಿ. ಮೊದಲು ಮೊತ್ತದಿಂದ ಜಾಗ ಹಿಡಿಯಿರಿ. ಅಡ್ಡಸಾಲಿನ ಮೊತ್ತ 8 ಮತ್ತು 45 ಬರಬೇಕು, ಕಂಬದ್ದು 12, 24, 17. ಈ ಅಂಕಿಗಳು ಹೇಗೆ ಬಂದವು ಅಂತಲೂ ಮಾಡಿ ನೋಡಿ. ಜಾಗ ಸಿಕ್ಕ ಮೇಲೆ ವ್ಯತ್ಯಾಸ ಎಷ್ಟು ಅಂತ ನೋಡಿ, ಅದನ್ನು ಅರ್ಧ ಮಾಡಿ, ಆ ಸ್ಥಾನದ ಎರಡು ತುಣುಕಿನಲ್ಲಿ ಯಾವುದಕ್ಕೆ ಹೊಂದುತ್ತೆ ಅಂತ ಹುಡುಕಿ. ಯಾವ ಮೈನಸ್ ಬಿಟ್ಟುಹೋಗಿದೆ ಅನ್ನೋದು ತಾನಾಗೇ ಕಾಣುತ್ತೆ. ಮುಂದಿನ ವಿಡಿಯೋದಲ್ಲಿ ಇದೇ ಪಾಠದ ವಿಲೋಮ ಮ್ಯಾಟ್ರಿಕ್ಸ್ ನೋಡೋಣ. ಅಲ್ಲಿ ಉತ್ತರ ಸರಿಯೋ ತಪ್ಪೋ ಅಂತ ನೋಡೋಕೂ ಇವತ್ತಿನ ಗುಣಾಕಾರವೇ ಬೇಕು. ಅಲ್ಲಿವರೆಗೆ, ನಮಸ್ಕಾರ.